ಗೇಟಿನ ಆಚೆ ಬೆಕ್ಕು ಕಂಡರೆ ನಾಯಿ ಸುಮ್ನೆ ನಿಂತು ನೋಡುತ್ತೆ, ಗೇಟ್ ತೆಗೆಯಬಹುದಾ?

"ನಮ್ಮ ನಾಯಿಗೆ ಮೂರು ವರ್ಷ. ಹೋದ ವಾರ ಒಂದು ದೊಡ್ಡ ಬೆಕ್ಕನ್ನು ತಂದೆವು. ಮಧ್ಯೆ ಬೇಬಿ ಗೇಟ್ ಹಾಕಿದ್ದೇವೆ. ನಾಯಿ ಬೊಗಳಲ್ಲ, ಅಲ್ಲಾಡದೆ ನಿಂತು ಬೆಕ್ಕನ್ನೇ ನೋಡುತ್ತೆ. ಇಷ್ಟು ಶಾಂತವಾಗಿದೆಯಲ್ಲ, ಗೇಟ್ ತೆಗೆಯಬಹುದಾ?"

ಈಗಲೇ ಬೇಡ. ಬೊಗಳದ ನಾಯಿಯನ್ನು ನೋಡಿದರೆ ಶಾಂತವಾಗಿದೆ ಅಂತಲೇ ಅನಿಸುತ್ತದೆ. ಆದರೆ ಅಲ್ಲಾಡದೆ ನಿಂತು ದಿಟ್ಟಿಸುವುದು ಬೇಟೆಯ ಶುರುವೂ ಆಗಿರಬಹುದು. ನಾಯಿ ಮೊದಲು ದಿಟ್ಟಿಸುತ್ತದೆ, ಆಮೇಲೆ ಹೊಂಚುತ್ತದೆ, ಬೆಕ್ಕು ಓಡಿದ ತಕ್ಷಣ ಅಟ್ಟಿಸಿಕೊಂಡು ಹೋಗುತ್ತದೆ. ಬೊಗಳುತ್ತಾ ಕುಣಿದಾಡುವ ನಾಯಿಗಿಂತ ಈ ಸದ್ದಿಲ್ಲದ ನಾಯಿಯ ಬಗ್ಗೆಯೇ ನನಗೆ ಜಾಸ್ತಿ ಭಯ. (ಕುಣಿದಾಡುವ ನಾಯಿಯೂ ಬೆಕ್ಕನ್ನು ಹೆದರಿಸಿಬಿಡುತ್ತದೆ, ಅದು ಇನ್ನೊಂದು ತಲೆನೋವು.)

ನಿಮ್ಮದು ಯಾವ ಬಗೆಯ ನೋಟ ಅಂತ ತಿಳಿಯಲು ಒಂದು ಸುಲಭದ ದಾರಿ ಇದೆ. ನಾಯಿ ಹಾಗೆ ನಿಂತಿರುವಾಗ ಮಾಮೂಲಿ ದನಿಯಲ್ಲಿ ಒಂದೇ ಸಲ ಹೆಸರು ಹಿಡಿದು ಕರೆಯಿರಿ. ತಲೆ ತಿರುಗಿಸಿ ನಿಮ್ಮನ್ನು ನೋಡಿ, ಕೊಟ್ಟ ತಿಂಡಿ ತಿಂದು, ಮೈ ಸಡಿಲ ಬಿಟ್ಟರೆ ಅದು ಬರೀ ಕುತೂಹಲ. ಬಾಯಿ ಬಿಗಿಯಾಗಿ ಮುಚ್ಚಿ, ಕಿವಿ ಮುಂದಕ್ಕೆ ಮಾಡಿ, ಮೈಭಾರವನ್ನೆಲ್ಲ ಮುಂಗಾಲಿಗೆ ಹಾಕಿ, ಮೂಗಿನ ಹತ್ತಿರ ಹಿಡಿದ ತಿಂಡಿಯನ್ನೂ ಲೆಕ್ಕಿಸದೆ ಬೆಕ್ಕನ್ನೇ ನೋಡುತ್ತಿದ್ದರೆ ಬೆಕ್ಕು ತೀರಾ ಹತ್ತಿರ ಇದೆ ಅಂತ ಅರ್ಥ. ಜೊತೆಗೆ ಮೈ ನಡುಗುವುದು, ಸಣ್ಣಗೆ ಕುಂಯ್‌ಗುಡುವುದು ಕಂಡರೆ ಮತ್ತೂ ಹುಷಾರಾಗಿರಿ.

ಎರಡನೆಯ ಬಗೆ ಆಗಿದ್ದರೆ ಸ್ವಲ್ಪ ದಿನ ಬಾಗಿಲನ್ನೇ ಮುಚ್ಚಿ. ಒಂದು ವಾರದಲ್ಲಿ ಬೆಕ್ಕಿಗೆ ಮನೆಯೇ ಹೊಸದು, ಅದರಲ್ಲಿ ನಾಯಿ ಬೇರೆ. ಅದಕ್ಕೆ ಅಂತಲೇ ಒಂದು ಕೋಣೆ ಇರಲಿ. ಊಟ, ನೀರು, ಲಿಟರ್ ಟ್ರೇ, ಅಡಗಿಕೊಳ್ಳಲು ಒಂದು ಡಬ್ಬ, ಹತ್ತಿ ಕೂರಲು ಎತ್ತರದ ಜಾಗ, ಎಲ್ಲವೂ ಅಲ್ಲೇ. ಬೆಕ್ಕು ಚೆನ್ನಾಗಿ ತಿಂದು, ಟ್ರೇ ಬಳಸಿ, ಕೋಣೆಯ ಮಧ್ಯೆ ಮೈ ಚಾಚಿ ಮಲಗಲು ಶುರು ಮಾಡುವ ತನಕ ನಾಯಿಯನ್ನು ತೋರಿಸುವುದೇ ಬೇಡ.

ಈ ದಿನಗಳಲ್ಲಿ ವಾಸನೆಯ ಕೆಲಸ ಮಾಡಿ. ಬೆಕ್ಕಿನ ಕೆನ್ನೆಯಲ್ಲಿ, ಗಲ್ಲದಲ್ಲಿ ವಾಸನೆಯ ಗ್ರಂಥಿಗಳಿವೆ, ಅದಕ್ಕೇ ಅದು ಕುರ್ಚಿಯ ಕಾಲಿಗೆಲ್ಲ ಮುಖ ಉಜ್ಜುವುದು. ಒಗೆದ ಬಟ್ಟೆಯನ್ನು ಅದರ ಕೆನ್ನೆಗೆ ಮೆಲ್ಲಗೆ ಸವರಿ ನಾಯಿ ಓಡಾಡುವ ಕಡೆ ನೆಲದ ಮೇಲೆ ಬಿಡಿ. ಮೂಗಿಗೆ ಹಿಡಿಯಬೇಡಿ. ಅದಾಗಿ ಬಂದು ಮೂಸಿ, ಸಾಕು ಅಂತ ಬಿಟ್ಟು ಹೋದ ಕ್ಷಣ ತಿಂಡಿ ಕೊಡಿ. ನೀವು ಬಹುಮಾನ ಕೊಡುತ್ತಿರುವುದು ಮೂಸಿದ್ದಕ್ಕಲ್ಲ, ಬಿಟ್ಟು ಹೋಗಿದ್ದಕ್ಕೆ. ನಾಯಿಯ ಹಾಸಿಗೆಯ ಬಟ್ಟೆಯೊಂದನ್ನು ಬೆಕ್ಕಿನ ಕೋಣೆಯ ಮೂಲೆಯಲ್ಲಿಡಿ, ಊಟದ ತಟ್ಟೆಯ ಪಕ್ಕ ಬೇಡ. ಬೆಕ್ಕು ಆ ಬಟ್ಟೆಗೆ ಬುಸ್ ಅಂದರೆ ಇನ್ನೂ ದೂರ ಸರಿಸಿ, ನಾಳೆ ನೋಡೋಣ ಅಂತ ಬಿಡಿ.

ಬಟ್ಟೆಗಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಜಾಗ ಅದಲುಬದಲು. ನಾಯಿ ವಾಕಿಂಗ್‌ಗೆ ಹೋದಾಗ ಬೆಕ್ಕನ್ನು ಮನೆಯೊಳಗೆ ಬಿಡಿ. ಯಾವ ಕಪಾಟಿನ ಮೇಲೆ ಹತ್ತಬಹುದು, ಯಾವ ಸೋಫಾದ ಹಿಂದಿನಿಂದ ತನ್ನ ಕೋಣೆಗೆ ಓಡಬಹುದು ಅನ್ನುವುದನ್ನೆಲ್ಲ ಅದು ನಾಯಿ ಇಲ್ಲದಾಗಲೇ ಕಲಿತಿರಬೇಕು. ದಾರಿ ಗೊತ್ತಿಲ್ಲದ ಬೆಕ್ಕು ಗಾಬರಿಯಾಗಿ ದಿಕ್ಕು ದಿಕ್ಕಿಗೆ ಓಡುತ್ತದೆ, ಆ ಓಟವೇ ನಾಯಿಯನ್ನು ಎಬ್ಬಿಸುವುದು.

ಆಮೇಲೆ ಗೇಟ್. ಬೇಬಿ ಗೇಟನ್ನು ಹೆಚ್ಚಿನ ಬೆಕ್ಕುಗಳು ಸಲೀಸಾಗಿ ಹಾರುತ್ತವೆ, ಮನಸ್ಸು ಮಾಡಿದರೆ ನಾಯಿಯೂ ಹಾರುತ್ತದೆ, ಹಾಗಾಗಿ ಒಂದರ ಮೇಲೊಂದು ಎರಡು ಗೇಟ್ ಭದ್ರವಾಗಿ ಕೂರಿಸುವುದು ಒಳ್ಳೆಯದು. ಮೊದಲು ಬೆಡ್‌ಶೀಟ್ ಹೊದಿಸಿ ಮುಚ್ಚಿ. ಎರಡೂ ಕಡೆ ದೂರದಲ್ಲಿ ಊಟ ಇಡಿ. ಇಬ್ಬರೂ ನಿರಾಳವಾಗಿ ತಿಂದರೆ ತಟ್ಟೆಗಳನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತನ್ನಿ, ಆಮೇಲೆ ಬೆಡ್‌ಶೀಟನ್ನು ಕೆಳಗಿನಿಂದ ಒಂದು ಗೇಣು ಎತ್ತಿ ಕಟ್ಟಿ.

ನೋಟದ ಅಭ್ಯಾಸಕ್ಕೆ ನಮ್ಮ ಮನೆಯ ಉದಾಹರಣೆ ಹೇಳುತ್ತೇನೆ. ಗೇಟಿನ ಹತ್ತಿರ ನಿಂತರೆ ನಮ್ಮ ನಾಯಿಗೆ ಕಿವಿಯೇ ಕೇಳುತ್ತಿರಲಿಲ್ಲ. ಹಾಲ್‌ನ ಇನ್ನೊಂದು ತುದಿಗೆ ಕರೆದುಕೊಂಡು ಹೋದರೆ ಮಾತ್ರ ಹೆಸರಿಗೆ ತಿರುಗುತ್ತಿದ್ದಳು. ಹಾಗಾಗಿ ಅಲ್ಲಿಂದಲೇ ಶುರು. ಲೀಶ್ ಹಾಕಿ, ಆದರೆ ಸಡಿಲವಾಗಿ ಹಿಡಿದು (ಬಿಗಿಯಾಗಿ ಎಳೆದು ಹಿಡಿದರೆ ನಾಯಿಯ ಮೈಯೂ ಬಿಗಿಯುತ್ತದೆ), ಅವಳು ಬೆಕ್ಕನ್ನು ನೋಡಿದ ತಕ್ಷಣ "ಒಳ್ಳೇದು" ಅನ್ನುತ್ತಿದ್ದೆ, ನನ್ನ ಕಡೆ ತಿರುಗಿದಾಗ ತಿಂಡಿ. ಮೂರು ನಿಮಿಷಕ್ಕಿಂತ ಜಾಸ್ತಿ ಎಳೆಯುತ್ತಿರಲಿಲ್ಲ. ಕೆಲವು ದಿನ ಕಳೆದ ಮೇಲೆ ನಾನು ಏನೂ ಹೇಳದೆಯೇ ಬೆಕ್ಕನ್ನು ನೋಡಿ ತಾನಾಗಿ ನನ್ನ ಮುಖ ನೋಡಲು ಶುರು ಮಾಡಿದಳು. ಹಾಗಾದಾಗ ಮಾತ್ರ ಒಂದು ಹೆಜ್ಜೆ ಮುಂದೆ. ನೋಟ ಮತ್ತೆ ಅಂಟಿಕೊಂಡರೆ ಎರಡು ಹೆಜ್ಜೆ ಹಿಂದೆ.

ಬೆಕ್ಕನ್ನು ಎತ್ತಿಕೊಂಡು ಬಂದು ನಾಯಿಗೆ ತೋರಿಸುವುದು ಮಾತ್ರ ಖಂಡಿತ ಬೇಡ. ಕೈಯಲ್ಲಿ ಸಿಕ್ಕಿಕೊಂಡ ಬೆಕ್ಕಿಗೆ ಓಡಲು ದಾರಿ ಇರುವುದಿಲ್ಲ, ಪರಚುವುದು ನಿಮ್ಮನ್ನೇ. ಎಷ್ಟು ಹತ್ತಿರ ಬರಬೇಕು ಅನ್ನುವುದನ್ನು ಬೆಕ್ಕೇ ತೀರ್ಮಾನಿಸಲಿ. ಬುಸ್ ಅಂದರೆ ಬೈಯಬೇಡಿ, ಅದು "ದೂರ ಇರು" ಅಂತ ಹೇಳುತ್ತಿದೆ ಅಷ್ಟೆ.

ಗೇಟ್ ತೆಗೆಯುವ ಮುಂಚೆ ಬಹಳ ಜನ ಮರೆಯುವ ವಿಷಯ ಒಂದಿದೆ. ಕೂತ ಬೆಕ್ಕನ್ನು ನೋಡಿ ಸುಮ್ಮನಿರುವ ನಾಯಿ ಓಡುವ ಬೆಕ್ಕನ್ನು ನೋಡಿಯೂ ಸುಮ್ಮನಿರುತ್ತದೆ ಅಂತಲ್ಲ. ಗೇಟ್ ಇರುವಾಗಲೇ ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿ ಬೆಕ್ಕಿನ ಜೊತೆ ದಾರದ ಆಟಿಕೆ ಆಡಿಸಿ, ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ. ಬೆಕ್ಕು ಹಾರಿ ಓಡಿದರೂ ನಾಯಿ ಕರೆದಾಗ ತಿರುಗಿ ಬರುತ್ತದೆ ಅಂದರೆ ಗೇಟ್ ತೆಗೆಯುವ ಮಾತು ಆಡಬಹುದು.

ತೆಗೆದ ದಿನವೂ ನಾಯಿ ಲೀಶ್‌ನಲ್ಲೇ ಇರಲಿ. ವಾಕಿಂಗ್ ಮುಗಿಸಿ ದಣಿದಿರಲಿ. ನಾಯಿಗೆ ಒಬ್ಬರು, ಬೆಕ್ಕಿಗೆ ಒಬ್ಬರು. ಇಬ್ಬರ ಊಟದ ತಟ್ಟೆ, ಎಲುಬು, ಆಟಿಕೆ ಎಲ್ಲ ಎತ್ತಿಡಿ. ಐದು ನಿಮಿಷ ಸಾಕು. ನಾಯಿ ಮೈ ಬಿಗಿದರೆ ಲೀಶ್ ಜಗ್ಗಬೇಡಿ, ಹೆಸರು ಕರೆದು ನೀವೇ ಬೇರೆ ಕಡೆ ನಡೆಯಿರಿ. ಇಂಥ ಭೇಟಿಗಳು ಸಪ್ಪೆ ಅನ್ನಿಸುವಷ್ಟು ಆದ ಮೇಲೆ ಲೀಶನ್ನು ನೆಲದ ಮೇಲೆ ಎಳೆದಾಡಲು ಬಿಡಿ, ಬೇಕಾದರೆ ಕಾಲಲ್ಲಿ ಒತ್ತಿ ಹಿಡಿಯಬಹುದು. ನೀವು ಮನೆಯಲ್ಲಿ ಇಲ್ಲದಾಗ, ನಿದ್ದೆ ಮಾಡುವಾಗ ಮಧ್ಯೆ ಬಾಗಿಲು ಮುಚ್ಚಿರಬೇಕು, ಇದು ವಾರಗಳಲ್ಲ, ತಿಂಗಳುಗಳ ಮಾತು.

ಲಿಟರ್ ಟ್ರೇ ಯಾವತ್ತೂ ನಾಯಿಗೆ ಸಿಗದ ಕಡೆ ಇರಲಿ. ನಾಯಿಗಳು ಅದರಲ್ಲಿರುವುದನ್ನು ತಿನ್ನುತ್ತವೆ, ಹೇಳಲು ಅಸಹ್ಯ ಆದರೂ ನಿಜ. ಅಲ್ಲಿ ನಾಯಿ ಕಾದು ಕೂತರೆ ಬೆಕ್ಕು ಟ್ರೇ ಬಿಟ್ಟು ಬೇರೆ ಕಡೆ ಹೋಗಲು ಶುರು ಮಾಡುತ್ತದೆ. ಬೆಕ್ಕು ಒಂದು ಇಡೀ ದಿನ ಏನೂ ತಿನ್ನದಿದ್ದರೆ ಡಾಕ್ಟರಿಗೆ ತೋರಿಸಿ. ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ಮೂತ್ರ ಬಾರದೆ ಮುಕ್ಕರಿಯುತ್ತಿದ್ದರೆ ಗಂಟೆಗಟ್ಟಲೆ ಕಾಯುವಂತಿಲ್ಲ, ತಕ್ಷಣ ಹೋಗಿ.

ಎಷ್ಟೇ ದೂರ ನಿಲ್ಲಿಸಿದರೂ ನಿಮ್ಮ ನಾಯಿ ತಿಂಡಿ ಮುಟ್ಟದಿದ್ದರೆ, ಅಥವಾ ಹಿಂದೆ ಅಳಿಲನ್ನೋ ಬೆಕ್ಕನ್ನೋ ಹಿಡಿದು ಕೊಂದಿದ್ದರೆ, ಬರೀ ಗೇಟನ್ನು ನಂಬಬೇಡಿ. ಹೊಡೆಯದೆ ಕಲಿಸುವ ಟ್ರೇನರ್ ಒಬ್ಬರನ್ನು ಮನೆಗೇ ಕರೆಸಿ ತೋರಿಸಿ. ಕೆಲವು ಜೋಡಿಗಳು ಕೊನೆಯವರೆಗೂ ಬೇರೆ ಬೇರೆ ಕೋಣೆಯಲ್ಲೇ, ಸರದಿ ಮೇಲೆ ಹಾಲ್‌ಗೆ ಬಂದು ಬದುಕುತ್ತವೆ.