ನಮ್ಮೂರ ನಾಟಕೋತ್ಸವಕ್ಕೆ ಸಿದ್ಧ ಟಿಕೆಟ್ ತಾಣವೋ, ನಮ್ಮದೇ ವ್ಯವಸ್ಥೆಯೋ?

ಪ್ರಶ್ನೆ: ನಾವು ಪ್ರತಿ ಡಿಸೆಂಬರ್‌ನಲ್ಲಿ ಮೂರು ದಿನದ ನಾಟಕೋತ್ಸವ ಮಾಡುತ್ತೇವೆ. ಸಭಾಂಗಣದಲ್ಲಿ 300 ಸೀಟು, ಸೀಟಿಗೆ ನಂಬರ್ ಇಲ್ಲ. ದಿನಕ್ಕೆ 150 ರೂಪಾಯಿ ಟಿಕೆಟ್, ಮೂರೂ ದಿನಕ್ಕೆ 350ರ ಪಾಸ್. ಜೊತೆಗೆ ತಲಾ 30 ಜನರ ಎರಡು ಕಮ್ಮಟ, ಶುಲ್ಕ 500. ಇಷ್ಟು ವರ್ಷ ರಸೀದಿ ಪುಸ್ತಕ ಮತ್ತು ಫೋನಿನಲ್ಲೇ ನಡೆಯಿತು. ಈಗ ಆನ್‌ಲೈನ್ ಮಾಡಬೇಕು. ಟಿಕೆಟ್ ತಾಣಗಳು ಕಮಿಷನ್ ಹಿಡಿಯುತ್ತವೆ. ನಮ್ಮ ಅಕ್ಕನ ಮಗ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, 40,000 ರೂಪಾಯಿಗೆ ನಮ್ಮದೇ ವ್ಯವಸ್ಥೆ ಮಾಡಿಕೊಡುತ್ತೇನೆ ಅಂತಾನೆ. ಯಾವುದು ಸರಿ?
— ಸಾಗರ ತಾಲ್ಲೂಕಿನ ಓದುಗರು

ಉತ್ತರ: ಟಿಕೆಟ್ ಮಾರುವುದಕ್ಕೆ ಸಿದ್ಧ ತಾಣವನ್ನೇ ತಗೊಳ್ಳಿ. ಹುಡುಗನ ಕೈಯಲ್ಲಿ ಮಾಡಿಸಬೇಕಾದ ಕೆಲಸ ಬೇರೆ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ದುಡ್ಡಿನ ಲೆಕ್ಕ. ನೂರು ಪಾಸ್ ಮಾರಿದಿರಿ, ಉಳಿದ 200 ಸೀಟು ಮೂರೂ ದಿನ ತುಂಬಿತು, ಕಮ್ಮಟಗಳೂ ಭರ್ತಿಯಾದವು ಅಂತಿಟ್ಟುಕೊಳ್ಳೋಣ. ಪಾಸಿನಿಂದ 35,000, ದಿನದ ಟಿಕೆಟ್‌ನಿಂದ 90,000, ಕಮ್ಮಟದಿಂದ 30,000. ಒಟ್ಟು 1,55,000 ರೂಪಾಯಿ. ಒಂದು ತಾಣ ಎಲ್ಲಾ ಸೇರಿ ನೂರಕ್ಕೆ 5 ಹಿಡಿಯುತ್ತದೆ ಎಂದುಕೊಂಡರೆ 7,750. ಆ ಶುಲ್ಕದ ಮೇಲೆ 18% ಜಿಎಸ್‌ಟಿ 1,395. ಅಲ್ಲಿಗೆ ನಿಮ್ಮ ಖರ್ಚು 9,145.

ನಿಮ್ಮದೇ ವ್ಯವಸ್ಥೆ ಮಾಡಿಸಿದರೆ ಈ ಖರ್ಚು ಪೂರ್ತಿ ಉಳಿಯುತ್ತದೆ ಅಂದುಕೊಳ್ಳಬೇಡಿ. ಆಗಲೂ ಜನ ಆನ್‌ಲೈನ್‌ನಲ್ಲಿ ಕಟ್ಟಿದ ಹಣವನ್ನು ನಿಮ್ಮ ಖಾತೆಗೆ ಮುಟ್ಟಿಸುವ ಒಂದು ಪೇಮೆಂಟ್ ಗೇಟ್‌ವೇ ಬೇಕು. ಅದು ನೂರಕ್ಕೆ 2 ಮತ್ತು ಜಿಎಸ್‌ಟಿ ಹಿಡಿದರೆ 3,658 ರೂಪಾಯಿ. ಅಂದರೆ ಉಳಿಯುವುದು ವರ್ಷಕ್ಕೆ 5,487. ಡೊಮೈನ್, ಸರ್ವರ್, ಇಮೇಲ್ ಮತ್ತು ಎಸ್‌ಎಂಎಸ್ ಕಳಿಸುವ ಖರ್ಚು ಸೇರಿ ವರ್ಷಕ್ಕೆ 6,000 ಆದರೂ ಉಳಿತಾಯ ಅಲ್ಲೇ ಮುಗಿಯಿತು. ಮೊದಲು ಹಾಕಿದ 40,000 ಯಾವತ್ತೂ ವಾಪಸ್ ಬರುವುದಿಲ್ಲ. ತಾಣದ ದರ ನೂರಕ್ಕೆ 8 ಇದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಆಗಲೂ 40,000 ತೀರಲು ಹತ್ತಿರ ಹತ್ತಿರ ಎಂಟು ವರ್ಷ ಬೇಕು. ಅಷ್ಟರಲ್ಲಿ ಹುಡುಗ ಯಾವ ಊರಲ್ಲಿ, ಯಾವ ಕೆಲಸದಲ್ಲಿ ಇರುತ್ತಾನೋ!

ಆದರೆ ದುಡ್ಡಿನ ಲೆಕ್ಕಕ್ಕಿಂತ ನನಗೆ ಜಾಸ್ತಿ ಭಯ ಇರುವುದು ಹಣ ಕಟ್ಟುವ ಆ ಎರಡು ನಿಮಿಷದ ಬಗ್ಗೆ. ಟಿಕೆಟ್ ವ್ಯವಸ್ಥೆಯ ಕಷ್ಟವೆಲ್ಲ ಅಲ್ಲೇ ಇರುವುದು. ಉಳಿದದ್ದು ಚಂದದ ಪುಟ ಅಷ್ಟೆ. ಅದನ್ನು ಯಾರಾದರೂ ಒಂದು ವಾರದಲ್ಲಿ ಮಾಡಬಹುದು.

ಶನಿವಾರದ ನಾಟಕಕ್ಕೆ ದಿನದ ಟಿಕೆಟ್‌ನ 200 ಸೀಟಿನಲ್ಲಿ ಒಂದೇ ಉಳಿದಿದೆ. ಇಬ್ಬರು ಒಂದೇ ಕ್ಷಣಕ್ಕೆ ಬಟನ್ ಒತ್ತುತ್ತಾರೆ. ಹೊಸಬರು ಬರೆದ ಪ್ರೋಗ್ರಾಂ ಮೊದಲು ‘ಎಷ್ಟು ಮಾರಾಟವಾಗಿದೆ?’ ಎಂದು ಡೇಟಾಬೇಸನ್ನು ಕೇಳುತ್ತದೆ. ಇಬ್ಬರಿಗೂ 199 ಎಂಬ ಉತ್ತರ ಬರುತ್ತದೆ. ಇಬ್ಬರಿಗೂ ಟಿಕೆಟ್ ಹೋಗುತ್ತದೆ. ಸರಿಯಾದ ದಾರಿ ಎಂದರೆ ನೋಡುವುದು, ಬರೆಯುವುದು ಎರಡನ್ನೂ ಒಂದೇ ಏಟಿಗೆ ಮಾಡುವುದು:

```sql
UPDATE shows SET sold = sold + 1
WHERE id = 2 AND sold < 200;
```

ಒಂದು ಸಾಲು ಬದಲಾಯಿತು ಎಂದು ಉತ್ತರ ಬಂದರೆ ಸೀಟು ಸಿಕ್ಕಿತು. ಸೊನ್ನೆ ಬಂದರೆ ಭರ್ತಿ. ನಿಮ್ಮ ಹುಡುಗನಿಗೆ ಇದು ಗೊತ್ತಿರಬಹುದು. ಮುಂದಿನದು ಇದಕ್ಕಿಂತ ತೊಡಕು.

ಸೀಟು ಹಿಡಿದವರು ಹಣ ಕಟ್ಟಲು ಯುಪಿಐ ಆ್ಯಪ್‌ಗೆ ಹೋಗುತ್ತಾರೆ. ಅವರಿಗಾಗಿ ಸೀಟನ್ನು ಹತ್ತು ನಿಮಿಷ ಕಾದಿರಿಸಬೇಕು, ಕಟ್ಟದಿದ್ದರೆ ವಾಪಸ್ ಬಿಡಬೇಕು. ಖಾತೆಯಿಂದ ಹಣ ಹೋಯಿತು, ಆದರೆ ಆ್ಯಪ್‌ನಲ್ಲಿ ‘ಪೆಂಡಿಂಗ್’ ಅಂತಲೇ ನಿಂತಿತು. ಇದು ನಮ್ಮಲ್ಲಿ ದಿನಾ ಆಗುವ ಸಂಗತಿ, ಅಲ್ವಾ? ಅಥವಾ ಹಣ ಕಟ್ಟಿದವರು ಬ್ರೌಸರ್‌ಗೆ ವಾಪಸ್ ಬರಲೇ ಇಲ್ಲ. ಫೋನ್ ಜೇಬಿಗೆ ಹೋಯಿತು, ನೆಟ್‌ವರ್ಕ್ ಹೋಯಿತು. ಹಣ ಬಂದ ಸುದ್ದಿ ಗೇಟ್‌ವೇಗೆ ಹನ್ನೆರಡನೇ ನಿಮಿಷಕ್ಕೆ ತಲುಪುತ್ತದೆ. ಅಷ್ಟರಲ್ಲಿ ಆ ಸೀಟು ಬೇರೆಯವರಿಗೆ ಹೋಗಿದೆ. ಈಗ ವ್ಯವಸ್ಥೆ ತಾನಾಗೇ ಹಣ ವಾಪಸ್ ಮಾಡಬೇಕು ಮತ್ತು ಅವರಿಗೆ ಹೇಳಬೇಕು.

ನಾನು ಕೈಜೋಡಿಸಿದ ಒಂದು ಸಂಗೀತೋತ್ಸವದಲ್ಲಿ ಇದೇ ಆಯಿತು. ಅಲ್ಲಿನ ವ್ಯವಸ್ಥೆ, ಜನ ‘ಧನ್ಯವಾದ’ ಪುಟಕ್ಕೆ ವಾಪಸ್ ಬಂದಾಗ ಮಾತ್ರ ಟಿಕೆಟ್ ಕೊಡುತ್ತಿತ್ತು. ಗೇಟ್‌ವೇ ನೇರವಾಗಿ ಸರ್ವರ್‌ಗೆ ಕಳಿಸುವ ಸುದ್ದಿಯನ್ನು, ಅಂದರೆ ವೆಬ್‌ಹುಕ್ ಅನ್ನು, ಯಾರೂ ಕಟ್ಟಿರಲಿಲ್ಲ. ಮೊದಲ ದಿನ ಸಂಜೆ ಹಣ ಕಟ್ಟಿದ ಹದಿನೇಳು ಜನ ಟಿಕೆಟ್ ಇಲ್ಲದೆ ಬಾಗಿಲಲ್ಲಿ ನಿಂತಿದ್ದರು. ಒಬ್ಬ ಅಜ್ಜಿ ಬ್ಯಾಂಕಿನ ಎಸ್‌ಎಂಎಸ್ ತೋರಿಸಿ ‘ದುಡ್ಡು ಹೋಗಿದೆಯಲ್ಲಪ್ಪಾ’ ಅಂದದ್ದು ಇನ್ನೂ ನೆನಪಿದೆ. ಅವತ್ತು ನಾವು ಸುಮ್ನೆ ಎಲ್ಲರನ್ನೂ ಒಳಗೆ ಬಿಟ್ಟೆವು. ನಿಮ್ಮ 300 ಸೀಟಿನಲ್ಲಿ ಹದಿನೇಳು ಜನ ಹೆಚ್ಚಾದರೆ ಗೋಡೆ ಪಕ್ಕ ನಿಲ್ಲಿಸಬೇಕಾಗುತ್ತದೆ.

ಸಿದ್ಧ ತಾಣಗಳು ಈ ಪೆಟ್ಟುಗಳನ್ನೆಲ್ಲ ದಿನವೂ ತಿಂದು ಗಟ್ಟಿಯಾಗಿವೆ. ನಿಮ್ಮ ವ್ಯವಸ್ಥೆ ವರ್ಷಕ್ಕೆ ಎರಡು ವಾರ ಮಾತ್ರ ಓಡುತ್ತದೆ. ಉಳಿದ ಹನ್ನೊಂದು ತಿಂಗಳಲ್ಲಿ ಡೊಮೈನ್ ಅವಧಿ ಮುಗಿದಿರಬಹುದು, ಗೇಟ್‌ವೇ ನಿಯಮ ಬದಲಾಗಿರಬಹುದು. ಅದು ನಿಮಗೆ ಗೊತ್ತಾಗುವುದು ಟಿಕೆಟ್ ಬಿಟ್ಟ ದಿನವೇ.

ಹಾಗಂತ ಸಿದ್ಧ ತಾಣ ನಿಮ್ಮ ಉತ್ಸವಕ್ಕೆ ಹೇಳಿ ಮಾಡಿಸಿದ ಹಾಗೆ ಇರುವುದಿಲ್ಲ. ನಿಮಗೆ ಅದು ಕೈಕೊಡುವ ಜಾಗ ಪಾಸ್. ಒಂದು ಪಾಸ್ ಮೂರೂ ದಿನದ ಒಂದೊಂದು ಸೀಟನ್ನು ತಿನ್ನುತ್ತದೆ. ಎಷ್ಟೋ ತಾಣಗಳಲ್ಲಿ ಟಿಕೆಟ್ ಬಗೆಗಳ ಲೆಕ್ಕ ಬೇರೆ ಬೇರೆಯೇ ಓಡುತ್ತದೆ. ನೀವು ‘ಶುಕ್ರವಾರ 300, ಶನಿವಾರ 300, ಭಾನುವಾರ 300, ಪಾಸ್ 100’ ಎಂದು ತುಂಬಿದರೆ ಪ್ರತಿದಿನ 400 ಜನಕ್ಕೆ ಮಾರಿದ ಹಾಗಾಯಿತು. ಎಚ್ಚರ ತಪ್ಪಿದರೆ ಇದು ಮೊದಲ ಸಂಜೆಯೇ ಗೊತ್ತಾಗುತ್ತದೆ. ಸುಲಭದ ಪರಿಹಾರ, ಸೀಟನ್ನು ಮೊದಲೇ ಹಂಚಿಬಿಡುವುದು. ಪಾಸಿಗೆ 100. ಊರಿನ ಅಂಗಡಿಯಲ್ಲಿ ಕೈಯಿಂದ ಮಾರಲು ದಿನಕ್ಕೆ 50, ನಂಬರ್ ಹಾಕಿದ ಅಚ್ಚಿನ ಟಿಕೆಟ್. ಕಲಾವಿದರ ಮನೆಯವರಿಗೆ, ದಾನಿಗಳಿಗೆ 15. ಉಳಿದ 135 ಮಾತ್ರ ಆನ್‌ಲೈನ್ ದಿನದ ಟಿಕೆಟ್. ಉತ್ಸವಕ್ಕೆ ಮೂರು ದಿನ ಇದೆ ಎನ್ನುವಾಗ ಮಾರಾಟವಾಗದ ಪಾಸ್ ಎಷ್ಟಿವೆ ನೋಡಿ, ಪಾಸ್ ಮಾರಾಟ ನಿಲ್ಲಿಸಿ, ಅಷ್ಟನ್ನು ಮೂರೂ ದಿನದ ಲೆಕ್ಕಕ್ಕೆ ಸೇರಿಸಿ. ಇದಕ್ಕೆ ಹತ್ತು ನಿಮಿಷ ಸಾಕು.

ಕಮ್ಮಟವನ್ನು ಟಿಕೆಟ್ ತಾಣಕ್ಕೆ ಹಾಕಬೇಡಿ. ಅಲ್ಲಿ ವಯಸ್ಸು, ಹಿಂದಿನ ಅನುಭವ ನೋಡಿ ಆರಿಸಬೇಕು ತಾನೆ? ಆರಿಸುವ ಮೊದಲೇ ಹಣ ತಗೊಂಡರೆ ವಾಪಸ್ ಕೊಡುವ ಕೆಲಸ ಬೀಳುತ್ತದೆ. ವಾಪಸ್ ಕೊಟ್ಟಾಗ ತಾಣ ಹಿಡಿದ ಶುಲ್ಕ ಸಾಮಾನ್ಯವಾಗಿ ನಿಮಗೆ ಸಿಗುವುದಿಲ್ಲ. ಒಂದು ಗೂಗಲ್ ಫಾರ್ಮ್‌ನಲ್ಲಿ ಅರ್ಜಿ ತಗೊಂಡು, ಆರಿಸಿದ 60 ಜನಕ್ಕೆ ಮಾತ್ರ ಹಣ ಕಟ್ಟುವ ವಿವರ ಕಳಿಸಿ. ಅರವತ್ತು ಜನರ ಯುಪಿಐ ವಹಿವಾಟಿನ ನಂಬರನ್ನು ಬ್ಯಾಂಕ್ ಪಟ್ಟಿಯ ಜೊತೆ ಕೈಯಲ್ಲೇ ತಾಳೆ ನೋಡಬಹುದು. ಆರುನೂರು ಟಿಕೆಟ್‌ಗೆ ಆ ದಾರಿ ಹಿಡಿಯಬೇಡಿ. ಸ್ಕ್ರೀನ್‌ಶಾಟ್ ನೋಡಿ ಟಿಕೆಟ್ ಕೊಡುವುದಂತೂ ಬೇಡವೇ ಬೇಡ, ಹಳೇ ಸ್ಕ್ರೀನ್‌ಶಾಟನ್ನು ತಿದ್ದಿ ಕಳಿಸುವುದು ಬಹಳ ಸುಲಭ.

ತಾಣ ಆರಿಸುವಾಗ ದರಕ್ಕಿಂತ ಮೊದಲು ಕೇಳಬೇಕಾದ್ದು, ಹಣ ನಮ್ಮ ಖಾತೆಗೆ ಯಾವಾಗ ಬರುತ್ತದೆ ಎಂದು. ಕೆಲವು ತಾಣಗಳು ಕಾರ್ಯಕ್ರಮ ಮುಗಿದ ಮೇಲೆ ಕೊಡುತ್ತವೆ. ತಂಡಗಳಿಗೆ ಮುಂಗಡ, ಶಾಮಿಯಾನ, ಊಟ ಎಲ್ಲಕ್ಕೂ ನಿಮಗೆ ಮೊದಲೇ ಹಣ ಬೇಕು. ಇದನ್ನು ಬರಹದಲ್ಲೇ ಪಡೆಯಿರಿ. ಖಾತೆ ಸಂಘದ ಹೆಸರಿನಲ್ಲೇ ಇರಲಿ. ಸಂಘದ ನೋಂದಣಿ ಪತ್ರ, ಪ್ಯಾನ್, ಬ್ಯಾಂಕ್ ವಿವರ ಕೊಟ್ಟು ಅವರ ಪರಿಶೀಲನೆ ಮುಗಿಯಲು ದಿನಗಳು ಹಿಡಿಯುತ್ತವೆ, ಹಾಗಾಗಿ ಅಕ್ಟೋಬರ್‌ನಲ್ಲೇ ಶುರು ಮಾಡಿ. ಇನ್ನೊಂದು ಸಣ್ಣ ವಿಷಯ. ನಾಟಕದ ಪ್ರವೇಶಕ್ಕೆ ತಲಾ 500 ರೂಪಾಯಿವರೆಗೆ ಜಿಎಸ್‌ಟಿ ವಿನಾಯಿತಿ ಇದೆ. ಟಿಕೆಟ್ ತುಂಬುವಾಗ ತೆರಿಗೆಯ ಗುರುತು ತಾನಾಗೇ ಬಿದ್ದಿದ್ದರೆ ತೆಗೆಯಿರಿ.

ಬಾಗಿಲಿನ ವಿಷಯವನ್ನು ಜನ ಕೊನೆಗೆ ಬಿಡುತ್ತಾರೆ. ಒಂದು ಕ್ಯೂಆರ್ ನೋಡಲು ಐದು ಸೆಕೆಂಡ್ ಅಂದರೂ 300 ಜನಕ್ಕೆ 25 ನಿಮಿಷ. ನಾಟಕಕ್ಕೆ ಬರುವವರು ಬಹಳ ಮಂದಿ ಕೊನೆಯ ಹದಿನೈದು ನಿಮಿಷದಲ್ಲೇ ಬರುತ್ತಾರೆ. ಹಾಗಾಗಿ ಎರಡು ಫೋನ್ ಬೇಕು. ನಿಮ್ಮ ಕಡೆ ನೆಟ್‌ವರ್ಕ್ ನಂಬುವ ಹಾಗಿಲ್ಲ, ಆದ್ದರಿಂದ ತಾಣದ ಸ್ಕ್ಯಾನ್ ಆ್ಯಪ್ ಆಫ್‌ಲೈನ್‌ನಲ್ಲಿ ಓಡುತ್ತದೆಯೇ ಎಂದು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ನೀವೇ ನೋಡಿ. ಓಡಿದರೂ ಒಂದು ತೊಡಕಿದೆ. ಆಫ್‌ಲೈನ್‌ನಲ್ಲಿರುವ ಎರಡು ಫೋನ್‌ಗೆ ಪರಸ್ಪರ ಸುದ್ದಿ ಇರುವುದಿಲ್ಲ. ಒಂದೇ ಟಿಕೆಟ್‌ನ ಎರಡು ಪ್ರತಿ ಎರಡು ಬಾಗಿಲಲ್ಲೂ ನಡೆದುಬಿಡುತ್ತದೆ. ಒಂದು ಬಾಗಿಲನ್ನು ಪಾಸ್ ಮತ್ತು ಅಚ್ಚಿನ ಟಿಕೆಟ್‌ಗೆ, ಇನ್ನೊಂದನ್ನು ಆನ್‌ಲೈನ್ ದಿನದ ಟಿಕೆಟ್‌ಗೆ ಇಟ್ಟರೆ ಈ ತಾಪತ್ರಯ ಇಲ್ಲ.

ಈಗ ನಿಮ್ಮ ಅಕ್ಕನ ಮಗನ ಕೆಲಸ. ಹಣ ಮುಟ್ಟುವ ಭಾಗವನ್ನು ಅವನಿಗೆ ಕೊಡಬೇಡಿ, ಅದರ ಸುತ್ತಲಿನದನ್ನು ಕೊಡಿ. ತಾಣದಿಂದ ಖರೀದಿಯ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಬಹುದು. ಅದನ್ನೂ ಅಂಗಡಿಯ ರಸೀದಿ ಲೆಕ್ಕವನ್ನೂ ಸೇರಿಸಿ, ದಿನಕ್ಕೊಂದು ಪಟ್ಟಿ ಮಾಡುವ ಪುಟ್ಟ ಪ್ರೋಗ್ರಾಂ ಬರೆಯಲಿ. ಹೆಸರು ಅಕಾರಾದಿಯಲ್ಲಿರಲಿ, ಫೋನಿನ ಕೊನೆಯ ನಾಲ್ಕು ಅಂಕಿ ಇರಲಿ, ಇವತ್ತು ಒಟ್ಟು ಎಷ್ಟು ಸೀಟು ಹೋಗಿದೆ ಎಂಬ ಲೆಕ್ಕ ಮೇಲಿರಲಿ. ಸಂಜೆ ನಾಲ್ಕಕ್ಕೆ ಅದನ್ನು ಮುದ್ರಿಸಿ ಬಾಗಿಲಿಗೆ ಕೊಡಿ. ಕರೆಂಟ್ ಹೋದರೂ, ನೆಟ್‌ವರ್ಕ್ ಹೋದರೂ ಆ ಹಾಳೆ ಕೈಯಲ್ಲಿರುತ್ತದೆ. ಉತ್ಸವ ಮುಗಿದ ವಾರದಲ್ಲೇ ಪೂರ್ತಿ ಪಟ್ಟಿಯನ್ನು ಸಂಘದ ಕಂಪ್ಯೂಟರ್‌ಗೆ ಇಳಿಸಿಡಿ. ಮುಂದಿನ ವರ್ಷ ತಾಣ ಬದಲಿಸಿದರೂ ನಿಮ್ಮ ಪ್ರೇಕ್ಷಕರ ಪಟ್ಟಿ ನಿಮ್ಮ ಹತ್ತಿರವೇ ಇರುತ್ತದೆ.