ಮಳೆಗಾಲದ ರಾತ್ರಿಗೆ ಯಾವ ಹೆಲ್ಮೆಟ್ ಗ್ಲಾಸ್?

ಪ್ರಶ್ನೆ: ರಾತ್ರಿ ಪಾಳಿ ಮುಗಿಸಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬೈಕಲ್ಲಿ ಬರ್ತೀನಿ. ಮಳೆ ಬಂದ್ರೆ ಹೆಲ್ಮೆಟ್ ಗ್ಲಾಸ್ ಒಳಗೆ ಮಂಜು ಕಟ್ಟುತ್ತೆ, ಎತ್ತಿದ್ರೆ ಕಣ್ಣಿಗೆ ನೀರು. ಗ್ಲಾಸ್ ಗೀರೂ ಬಿದ್ದಿದೆ. ಅಂಗಡಿಯವರು ತಿಳಿ ಸ್ಮೋಕ್ ಗ್ಲಾಸ್ ಹಾಕ್ಸಿ ಅಂತಾರೆ. ಪಿನ್‌ಲಾಕ್ ಬಗ್ಗೆಯೂ ಕೇಳಿದೀನಿ. ಯಾವುದು ಸರಿ?
— ಓದುಗರು, ಚಿತ್ರದುರ್ಗ

ಉತ್ತರ: ಸ್ಮೋಕ್ ಬೇಡವೇ ಬೇಡ, ತಿಳಿಯದ್ದೂ ಬೇಡ. ರಾತ್ರಿ ಕಣ್ಣಿಗೆ ಸಿಗುವ ಬೆಳಕೇ ಕಡಿಮೆ, ಅದರಲ್ಲೂ ಒಂದು ಪಾಲನ್ನು ಗ್ಲಾಸೇ ನುಂಗಿಬಿಡುತ್ತದೆ. ಹಳದಿ ಗ್ಲಾಸ್ ಹಾಕಿದರೆ ರಸ್ತೆ ಬೆಳಗಿದ ಹಾಗೆ ಅನಿಸುತ್ತದೆ, ಆದರೆ ಬೆಳಕು ಜಾಸ್ತಿಯೇನೂ ಬರುವುದಿಲ್ಲ. ಬಣ್ಣವಿಲ್ಲದ ಕ್ಲಿಯರ್ ಗ್ಲಾಸನ್ನೇ ಕೇಳಿ.

ಕೊಳ್ಳುವಾಗ ಗ್ಲಾಸಿನ ಒಳಗಡೆ ಎರಡೂ ಬದಿಗೆ ಚಿಕ್ಕ ಪಿನ್ ಇದೆಯಾ ನೋಡಿ. ಪಿನ್‌ಲಾಕ್ ಅಂದರೆ ಈ ಎರಡು ಪಿನ್ನಿನ ನಡುವೆ ಕೂರುವ ಇನ್ನೊಂದು ತೆಳು ಹಾಳೆ. ಅದರ ಸುತ್ತ ಸಿಲಿಕಾನ್ ಅಂಚು ಇರುತ್ತದೆ. ಆ ಅಂಚು ಗ್ಲಾಸಿಗೆ ಒತ್ತಿ ಕೂತರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಹೊರಗಿನ ತಂಪು ಒಳಹಾಳೆಗೆ ಅಷ್ಟಾಗಿ ತಟ್ಟುವುದಿಲ್ಲ. ಜೊತೆಗೆ ಹಾಳೆ ನಿಮ್ಮ ಉಸಿರಿನ ತೇವವನ್ನು ಒಂದಿಷ್ಟು ಹೀರಿಕೊಳ್ಳುತ್ತದೆ. ಆದರೆ ಅದಕ್ಕೂ ಮಿತಿ ಇದೆ, ಗದ್ದದ ಹತ್ತಿರದ ಗಾಳಿ ಕಿಂಡಿಯನ್ನು ಮಳೆ ಅಂತ ಮುಚ್ಚಬೇಡಿ.

ಹಾಕಿಸಿದ ಮೇಲೂ ಮಂಜು ಕಟ್ಟುತ್ತೆ ಅಂತ ಬೈಯುವವರು ಬಹಳ. ಹೆಚ್ಚಿನ ಸಲ ತಪ್ಪು ಕೂರಿಸಿದ ರೀತಿಯದ್ದು. ಗ್ಲಾಸನ್ನು ಹೆಲ್ಮೆಟ್‌ನಿಂದ ಬಿಚ್ಚಿ, ಸ್ವಲ್ಪ ಅಗಲಿಸಿ ಹಿಡಿದು ಹಾಳೆಯನ್ನು ಪಿನ್ನಿಗೆ ಕೂರಿಸಬೇಕು. ಆಮೇಲೆ ಬಿಸಿನೀರಿನ ಲೋಟದ ಆವಿಗೆ ಒಳಬದಿ ಹಿಡಿಯಿರಿ. ಹಾಳೆಯ ಹೊರಗಿನ ಅಂಚಿನಲ್ಲಿ ಮಬ್ಬಾದರೆ ಚಿಂತೆಯಿಲ್ಲ, ಅಲ್ಲಿ ಹಾಳೆಯೇ ಇಲ್ಲವಲ್ಲ. ಎರಡು ಪದರದ ನಡುವೆ, ಎಡ ಮೂಲೆಯಲ್ಲಿ ಅಂತಿಟ್ಟುಕೊಳ್ಳಿ, ಮಬ್ಬು ಕಂಡರೆ ಅಲ್ಲಿ ಸಿಲಿಕಾನ್ ಅಂಚು ತಾಗಿಲ್ಲ. ಹಾಳೆ ತೆಗೆದು ನೆರಳಲ್ಲಿ ಒಣಗಿಸಿ. ತಿರುಗಿಸಲು ಬರುವ ಪಿನ್ ಆದರೆ ಒಂದಿಷ್ಟೇ ತಿರುಗಿಸಿ ಮತ್ತೆ ಕೂರಿಸಿ. ಜಾಸ್ತಿ ಬಿಗಿ ಮಾಡಿದರೆ ಹಾಳೆಯೇ ಸೊಟ್ಟಗಾಗುತ್ತದೆ. ಇನ್ನೊಂದು ಮಾತು: ಎರಡು ಪದರ ಇರುವುದರಿಂದ ಎದುರು ಲಾರಿಯ ದೀಪದ ಪಕ್ಕ ಮಸುಕಾದ ಇನ್ನೊಂದು ದೀಪ ಕಾಣಬಹುದು. ನನ್ನ ಪ್ರಕಾರ ಮಂಜಿಗಿಂತ ಇದೇ ವಾಸಿ.

ಗೀರು ಬಿದ್ದ ಹಳೇ ಗ್ಲಾಸಿಗೆ ಇಷ್ಟೆಲ್ಲ ಖರ್ಚು ಮಾಡಬೇಡಿ. ಹಗಲಲ್ಲಿ ಕಾಣದ ಗೀರು ಕೂಡ ಭರಮಸಾಗರದ ಹತ್ತಿರ ಲಾರಿಯ ಹೈಬೀಮ್ ಬಿದ್ದಾಗ ಬೆಳಕನ್ನು ಎಳೆ ಎಳೆಯಾಗಿ ಹರಡುತ್ತದೆ. ಕತ್ತಲೆ ಕೋಣೆಯಲ್ಲಿ ಗ್ಲಾಸ್ ಮೂಲಕ ದೂರದಿಂದ ಮೊಬೈಲ್ ಟಾರ್ಚ್ ನೋಡಿ, ಗೊತ್ತಾಗುತ್ತದೆ. ಟೂತ್‌ಪೇಸ್ಟಲ್ಲಿ ಉಜ್ಜಿದರೆ ಹೋಗುತ್ತೆ ಅನ್ನುವುದು ಸುಮ್ನೆ ಮಾತು. ಗ್ಲಾಸಿನ ಮೇಲಿರುವ ಗಟ್ಟಿ ಲೇಪನವೇ ಸವೆದು ಇನ್ನಷ್ಟು ಮಬ್ಬಾಗುತ್ತದೆ.

ಹೊಸ ಗ್ಲಾಸ್ ‘ಸ್ಕ್ರ್ಯಾಚ್ ಪ್ರೂಫ್’ ಅಂದರೂ ಅದಕ್ಕೂ ಗೀರು ಬೀಳುತ್ತದೆ, ಸ್ವಲ್ಪ ನಿಧಾನವಾಗಿ ಅಷ್ಟೇ. ಧೂಳು, ಹುಳ ಅಂಟಿದ್ದರೆ ಒಣ ಬಟ್ಟೆಯಲ್ಲಿ ಒರೆಸಬೇಡಿ. ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿಡಿ, ನೆನೆದ ಮೇಲೆ ನೀರು ಹಾಕಿ ತೊಳೆಯಿರಿ. ಪೆಟ್ರೋಲ್, ಥಿನ್ನರ್ ತಾಗಿಸಲೇಬೇಡಿ. ಒಳಹಾಳೆ ಗ್ಲಾಸಿಗಿಂತ ಮೆತ್ತಗೆ, ಬೆರಳುಗುರು ತಾಗಿದರೂ ಗುರುತು ಉಳಿಯುತ್ತದೆ. ಪಾಳಿ ಬದಲಾಗಿ ಬಿಸಿಲಲ್ಲಿ ಬರುವುದಾದರೆ ಗ್ಲಾಸ್ ಬದಲಿಸಬೇಡಿ, ಕೂಲಿಂಗ್ ಗ್ಲಾಸ್ ಹಾಕಿಕೊಳ್ಳಿ.