ಗ್ಲೂಕೋಸ್ ಕುಡಿಸಿ ಮಾಡುವ ಶುಗರ್ ಟೆಸ್ಟ್

ಪ್ರಶ್ನೆ: ಮುಂದಿನ ವಾರ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಗ್ಲೂಕೋಸ್ ಕುಡಿಯುವ ಟೆಸ್ಟ್ ಮಾಡಿಸಬೇಕು. ಈಗಿನಿಂದಲೇ ಅನ್ನ ಬಿಡಲೇ? ರಿಪೋರ್ಟ್ ಓದುವುದು ಹೇಗೆ?

ಉತ್ತರ: ಬಿಡಬೇಡಿ. ಜನ ಹೆಚ್ಚಾಗಿ ಎಡವುವುದೇ ಇಲ್ಲಿ. ಅನ್ನ, ಕಡುಬು ಬಿಟ್ಟ ದೇಹ ಏಕಾಏಕಿ ಬಂದ ಗ್ಲೂಕೋಸಿಗೆ ಇನ್ಸುಲಿನ್ ಬೇಗ ಒದಗಿಸುವುದಿಲ್ಲ. ಶುಗರ್ ಸುಳ್ಳೇ ಏರಿ ಕಾಣುತ್ತದೆ. ಹಿಂದಿನ ಮೂರು ದಿನ ಎಂದಿನ ಊಟವೇ ಇರಲಿ.

ರಾತ್ರಿ 9ಕ್ಕೆ ಊಟ ಮುಗಿಸಿದರೆ ಬೆಳಿಗ್ಗೆ 8ಕ್ಕೆ ಮೊದಲ ರಕ್ತ ಕೊಡಬಹುದು. ನಡುವೆ ಬರೀ ನೀರು. ಬಸ್ ಸ್ಟ್ಯಾಂಡಿನ ಕಾಫಿ ಸಕ್ಕರೆ ಇಲ್ಲದಿದ್ದರೂ ಬೇಡ. ಆಮೇಲೆ 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕಲಸಿ ಕೊಡುತ್ತಾರೆ. ಐದು ನಿಮಿಷದೊಳಗೆ ಕುಡಿಯಿರಿ. ಮೊದಲ ಗುಟುಕಿನಿಂದ ಎರಡು ಗಂಟೆ ಎಣಿಸಿ ಮತ್ತೆ ರಕ್ತ ತೆಗೆಯುತ್ತಾರೆ. ಅಷ್ಟೂ ಹೊತ್ತು ಕೂತಿರಿ; ಪೇಟೆ ಸುತ್ತಿದರೆ ಸ್ನಾಯುಗಳು ಸಕ್ಕರೆ ಹೀರಿ ಅಂಕಿ ಇಳಿಯುತ್ತದೆ. ವಾಂತಿಯಾದರೆ ಟೆಸ್ಟ್ ಆ ದಿನಕ್ಕೆ ಮುಗಿಯಿತು.

ಎರಡು ಗಂಟೆಯ ಅಂಕಿ 140ಕ್ಕಿಂತ ಕಡಿಮೆಯಿದ್ದರೆ ಸಹಜ, 140ರಿಂದ 199 ಮಧುಮೇಹದ ಹಿಂದಿನ ಹಂತ, 200 ಮುಟ್ಟಿದರೆ ಅಥವಾ ದಾಟಿದರೆ ಮಧುಮೇಹ. ಖಾಲಿ ಹೊಟ್ಟೆಯಲ್ಲಿ ಈ ಗಡಿಗಳು 100 ಮತ್ತು 126. ಎರಡರಲ್ಲಿ ಕೆಟ್ಟದ್ದೇ ಲೆಕ್ಕ: ಖಾಲಿ ಹೊಟ್ಟೆಯಲ್ಲಿ 96, ನಂತರ 168 ಬಂದರೆ ಸಹಜವಲ್ಲ, ನಡುವಿನ ಹಂತ. ಅತಿ ಬಾಯಾರಿಕೆಯಂಥ ಲಕ್ಷಣಗಳಿಲ್ಲದೆ ಒಂದೇ ಅಂಕಿ ಮಧುಮೇಹದ ಗಡಿ ಮುಟ್ಟಿದ್ದರೆ ಇನ್ನೊಂದು ದಿನ ಮತ್ತೆ ಪರೀಕ್ಷಿಸಿಯೇ ಖಚಿತಪಡಿಸುತ್ತಾರೆ. ಬಸುರಿಯರ ಗಡಿಗಳು ಬೇರೆ.